ಇಳಕಲ್ ಸೀರೆ ಅಂಗಡಿಯೊಂದಕ್ಕೆ ಬಂದ ಒಂದು ನಕ್ಷತ್ರದ ದೂರು: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ತಂದೆಯ ಕಾಲದಿಂದ ಸೀರೆ ವ್ಯಾಪಾರ ಮಾಡಿಕೊಂಡು ಬಂದಿರುವ ಒಂದು ಕುಟುಂಬದ ಅಂಗಡಿಯಲ್ಲಿ ನಡೆದ ಪ್ರಕರಣವಿದು. ಅಂಗಡಿಯ ಮಾಲೀಕರೂ ದೂರು ಬರೆದ ಗ್ರಾಹಕರೂ ಇದನ್ನು ದಾಖಲಿಸಲು ಒಪ್ಪಿದ್ದಾರೆ. ಗುರುತು ಸಿಗಬಾರದೆಂಬ ಕಾರಣಕ್ಕೆ ಬೆಲೆ, ಬಣ್ಣ, ಊರು ಮುಂತಾದ ವಿವರಗಳನ್ನು ಬದಲಿಸಿದ್ದೇನೆ. ಸಣ್ಣ ವ್ಯಾಪಾರಿಗಳಿಗೆ ಗ್ರಾಹಕರ ದೂರುಗಳನ್ನು ನಿಭಾಯಿಸುವುದರಲ್ಲಿ ನೆರವಾಗುವುದು ನನ್ನ ಕೆಲಸ. ದೂರು ಬಂದ ಕೆಲವು ದಿನಗಳ ನಂತರ, ಪರಿಸ್ಥಿತಿ ಕೈಮೀರುತ್ತಿದೆ ಎನ್ನಿಸಿದಾಗ, ಮಾಲೀಕರು ನನ್ನನ್ನು ಕರೆದರು. ಅದಕ್ಕೂ ಮೊದಲು ನಡೆದದ್ದನ್ನು ಅವರ ಮಾತಿನಿಂದಲೂ ಫೋನಿನಲ್ಲಿ ಉಳಿದಿದ್ದ ಸಂದೇಶಗಳಿಂದಲೂ ತಿಳಿದುಕೊಂಡೆ.

ಇಳಕಲ್ ಸೀರೆಯ ರಚನೆಯನ್ನು ತಿಳಿಯದೆ ಈ ದೂರು ಅರ್ಥವಾಗುವುದಿಲ್ಲ. ಈ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದಕ್ಕೆ ಸಾಗುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ, ಇದಕ್ಕೆ ನೇಕಾರರು ತೋಪ್ ತೆನಿ ಎನ್ನುತ್ತಾರೆ. ಸೆರಗು ಸಾಂಪ್ರದಾಯಿಕವಾಗಿ ಕೆಂಪು ರೇಷ್ಮೆಯದು. ಮೈ ಮಾತ್ರ ಹತ್ತಿಯದಾಗಿರಬಹುದು, ಅಪ್ಪಟ ರೇಷ್ಮೆಯದಾಗಿರಬಹುದು, ಇಲ್ಲವೇ ಪೇಟೆಯಲ್ಲಿ ಚಮಕಾ ಅಥವಾ ಆರ್ಟ್ ಸಿಲ್ಕ್ ಎಂದು ಕರೆಯುವ, ನೋಡಲು ರೇಷ್ಮೆಯಂತೆಯೇ ಹೊಳೆಯುವ ರೇಯಾನ್ ನೂಲಿನದಾಗಿರಬಹುದು. ಹಾಗಾಗಿ ಒಂದೇ ಸೀರೆಯನ್ನು ತೋರಿಸಿ ಒಬ್ಬರು ಇದು ರೇಷ್ಮೆಯದು ಎಂದರೆ, ಇನ್ನೊಬ್ಬರು ಅಲ್ಲ ಎಂದರೆ, ಇಬ್ಬರ ಮಾತಿಗೂ ಒಂದೊಂದು ಆಧಾರ ಇರುವ ಸಾಧ್ಯತೆಯಿದೆ. ಅಂಗಡಿಯ ಒಳಗೆ ಸೀರೆಯನ್ನು ಕೈಯಲ್ಲಿ ಹಿಡಿದು ಕೊಳ್ಳುವವರಿಗೆ ಈ ಗೊಂದಲ ಅಷ್ಟಾಗಿ ಆಗುವುದಿಲ್ಲ. ಫೋಟೊ ನೋಡಿ ಕೊಳ್ಳುವವರಿಗೆ ಮಾರುವವರ ಮಾತೊಂದೇ ಆಧಾರ.

ಈ ಅಂಗಡಿಯವರು ಕೆಲವು ವರ್ಷಗಳಿಂದ ವಾಟ್ಸಾಪಿನಲ್ಲಿ ಫೋಟೊ ಕಳಿಸಿ, ಯುಪಿಐ ಮೂಲಕ ಹಣ ಪಡೆದು, ಕೊರಿಯರ್‌ನಲ್ಲಿ ಸೀರೆ ಕಳಿಸುವ ವ್ಯಾಪಾರವನ್ನೂ ಮಾಡುತ್ತಿದ್ದರು. ಸಂದೇಶಗಳನ್ನು ನೋಡಿಕೊಳ್ಳುತ್ತಿದ್ದವರು ಮಾಲೀಕರ ತಮ್ಮನ ಮಗ. ಹೊರಗಿನ ಊರಿನ ಬಹುತೇಕ ಗ್ರಾಹಕರು ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರು ಹುಡುಕಿ, ಅಲ್ಲಿನ ನಕ್ಷತ್ರಗಳನ್ನೂ ಅಭಿಪ್ರಾಯಗಳನ್ನೂ ಓದಿಕೊಂಡೇ ಫೋನ್ ಮಾಡುತ್ತಿದ್ದರು.

ದೂರು

ಉತ್ತರ ಕರ್ನಾಟಕದಲ್ಲೇ ಹುಟ್ಟಿ ಬೆಳೆದು ಈಗ ದೂರದ ನಗರದಲ್ಲಿರುವ ಮಹಿಳೆಯೊಬ್ಬರು ತಮ್ಮ ಸೊಸೆಯ ಕುಬಸಕ್ಕೆಂದು ತಿಳಿಹಳದಿ ಮೈಯ, ಕೆಂಪು ಸೆರಗಿನ ಸೀರೆಯೊಂದನ್ನು 4,200 ರೂಪಾಯಿ ಕೊಟ್ಟು ತರಿಸಿಕೊಂಡಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಮೊದಲ ಸಲ ತೊಳೆದಾಗ ಸೆರಗಿನ ಕೆಂಪು ಮೈಗೆ ಹರಡಿತು. ಬೇಸರದಲ್ಲಿ ಅವರು ಅದನ್ನು ಪರಿಚಯದ ಬಟ್ಟೆ ಅಂಗಡಿಯವರಿಗೆ ತೋರಿಸಿದರು. ಅಲ್ಲಿ ಮೈಯ ಅಂಚಿನಿಂದ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿದಾಗ ಕಾಗದ ಸುಟ್ಟ ವಾಸನೆ ಬಂದಿತು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕಿತ್ತು. ಅದೇ ರಾತ್ರಿ ಅವರು ಬಣ್ಣ ಹರಡಿದ ಸೀರೆಯ ಫೋಟೊ ಹಾಕಿ, ಒಂದು ನಕ್ಷತ್ರ ಕೊಟ್ಟು ಹೀಗೆ ಬರೆದರು:

"ರೇಷ್ಮೆ ಸೀರೆ ಎಂದು ಹೇಳಿ ನಕಲಿ ಸೀರೆ ಕಳಿಸಿದ್ದಾರೆ. ಒಂದೇ ತೊಳೆತಕ್ಕೆ ಬಣ್ಣ ಬಿಟ್ಟು ಇಡೀ ಸೀರೆ ಹಾಳಾಗಿದೆ. ಇದು ಪವರ್‌ಲೂಮ್ ಮಾಲು, ಕೈಮಗ್ಗದ್ದಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಮೋಸ ಹೋಗಬೇಡಿ."

ಮಾಲೀಕರ ತಮ್ಮನ ಮಗ ಇದನ್ನು ಬೆಳಿಗ್ಗೆ ನೋಡಿ, ಯಾರನ್ನೂ ಕೇಳದೆ, ಅರ್ಧ ಗಂಟೆಯೊಳಗೆ ಉತ್ತರ ಬರೆದುಬಿಟ್ಟ. ಆ ಉತ್ತರದಲ್ಲಿ ಗ್ರಾಹಕರ ಬಿಲ್ಲಿನ ಸಂಖ್ಯೆ ಇತ್ತು, ಅವರ ಊರಿನ ಹೆಸರಿತ್ತು. ಬೆಲೆ ಕಡಿಮೆ ಮಾಡಿ ಎಂದು ಅವರು ಎರಡು ಸಲ ಚೌಕಾಸಿ ಮಾಡಿದ್ದರು ಎಂಬ ಮಾತಿತ್ತು. ಬಿಸಿನೀರಿನಲ್ಲಿ ನೆನೆಸಿ ತೊಳೆದರೆ ಯಾವ ಸೀರೆಯಾದರೂ ಬಣ್ಣ ಬಿಡುತ್ತದೆ, ತಪ್ಪು ನಿಮ್ಮದೇ ಎಂಬ ತೀರ್ಪಿತ್ತು. ಕೊನೆಯಲ್ಲಿ, ಅಂಗಡಿಯ ಹೆಸರು ಕೆಡಿಸಿದ್ದಕ್ಕೆ ವಕೀಲರ ನೋಟಿಸು ಬರುತ್ತದೆ ಎಂಬ ಎಚ್ಚರಿಕೆಯೂ ಇತ್ತು.

ಹುಡುಗನ ಸಿಟ್ಟು ನನಗೆ ಅರ್ಥವಾಗುತ್ತದೆ. ಮನೆಯವರೆಲ್ಲ ಕೂಡಿ ಕಟ್ಟಿದ ಹೆಸರನ್ನು ಯಾರೋ ಒಬ್ಬರು ನಾಲ್ಕು ಸಾಲಿನಲ್ಲಿ ಮೋಸ ಎಂದರೆ ಕೈ ನಿಲ್ಲುವುದಿಲ್ಲ. ಆದರೆ ಆ ಉತ್ತರವು ದೂರಿಗಿಂತ ಹೆಚ್ಚು ಹಾನಿ ಮಾಡಿತು. ಗ್ರಾಹಕರು ಅದರ ಸ್ಕ್ರೀನ್‌ಶಾಟ್ ತೆಗೆದು ಸೀರೆಪ್ರಿಯ ಮಹಿಳೆಯರ ಫೇಸ್‌ಬುಕ್ ಗುಂಪೊಂದರಲ್ಲಿ ಹಾಕಿದರು. ಆ ಗುಂಪಿನಲ್ಲಿ ಚರ್ಚೆಯಾದದ್ದು ಬಣ್ಣದ ವಿಷಯವಲ್ಲ. ಚೌಕಾಸಿ ಮಾಡಿದ್ದನ್ನು ಊರಿಗೆಲ್ಲ ಹೇಳುವ ಅಂಗಡಿಗೆ ನಮ್ಮ ಫೋನ್ ನಂಬರು ಕೊಡುವುದು ಹೇಗೆ ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆಯಾಯಿತು. ಎಂದೂ ಆ ಅಂಗಡಿಯ ಮೆಟ್ಟಿಲು ಹತ್ತದ ಮೂವರು ಒಂದೊಂದು ನಕ್ಷತ್ರ ಕೊಟ್ಟು ಹೋದರು.

ಅಂಗಡಿಯವರು ಮೊದಲು ಮಾಡಿದ್ದು

ಇದಕ್ಕೆ ಎದುರಾಗಿ ಹುಡುಗ ತನ್ನ ಗೆಳೆಯರಿಂದ ಐದು ನಕ್ಷತ್ರದ ಅಭಿಪ್ರಾಯಗಳನ್ನು ಬರೆಸತೊಡಗಿದ. ಒಂದೇ ಸಂಜೆಯಲ್ಲಿ, ಬಹುತೇಕ ಒಂದೇ ಮಾತಿನಲ್ಲಿ ಬಂದ ಈ ಹೊಗಳಿಕೆಗಳು ಓದುವ ಯಾರಿಗಾದರೂ ಸಂಶಯ ಹುಟ್ಟಿಸುವಂತಿದ್ದವು. ನಿಜವಾದ ಅನುಭವವಿಲ್ಲದವರಿಂದ ಅಭಿಪ್ರಾಯ ಬರೆಸುವುದು ಗೂಗಲ್‌ನ ನಿಯಮಕ್ಕೂ ವಿರುದ್ಧ. ಜೊತೆಗೆ ಮೂಲ ದೂರನ್ನು ಸ್ಪ್ಯಾಮ್ ಎಂದು ವರದಿ ಮಾಡಿದ್ದರು. ಅದು ತೆಗೆಯಲ್ಪಡಲಿಲ್ಲ, ತೆಗೆಯಬೇಕಾದ ಕಾರಣವೂ ಇರಲಿಲ್ಲ. ಅಸಭ್ಯ ಭಾಷೆ, ಸುಳ್ಳು ಗುರುತು, ವ್ಯಾಪಾರಕ್ಕೆ ಸಂಬಂಧಿಸದ ವಿಷಯ ಮುಂತಾದವು ಇದ್ದರೆ ವರದಿಗೆ ಅರ್ಥವಿದೆ. ನಿಜವಾಗಿ ಕೊಂಡವರು ಕಹಿಯಾಗಿ ಬರೆದರೆ ಅದು ಅಲ್ಲೇ ಉಳಿಯುತ್ತದೆ.

ಮಾಲೀಕರು ನನ್ನ ಬಳಿ ಬಂದಾಗ ಅವರ ಮನಸ್ಸಿನಲ್ಲಿದ್ದದ್ದು ನೋಟಿಸು ಕಳಿಸುವ ಯೋಚನೆಯೇ. ಅವರ ಪರಿಚಯದ ವಕೀಲರೊಬ್ಬರನ್ನು ಕೂಡಿಸಿಕೊಂಡು ಮಾತಾಡಿದೆವು. ವಕೀಲರು ಬಿಲ್ಲನ್ನು ಕೇಳಿದರು. ಅದರಲ್ಲಿ "ಇಳಕಲ್ ಸೀರೆ – 1" ಎಂದು ಬಿಟ್ಟರೆ ಯಾವ ನೂಲು ಎಂಬ ವಿವರವೇ ಇರಲಿಲ್ಲ. ಆಮೇಲೆ ವಾಟ್ಸಾಪ್ ಸಂದೇಶಗಳನ್ನು ಕೇಳಿದರು. ಅದರಲ್ಲಿ ಗ್ರಾಹಕರು "ಇದು ರೇಷ್ಮೆಯದೇ ಅಲ್ವಾ" ಎಂದು ಕೇಳಿದ್ದರು, ಹುಡುಗ "ಹೌದ್ರಿ ಅಕ್ಕಾರ, ರೇಷ್ಮಿ" ಎಂದು ಉತ್ತರಿಸಿದ್ದ. ಅವನ ಮನಸ್ಸಿನಲ್ಲಿದ್ದದ್ದು ಸೆರಗು. ಕೇಳಿದವರ ಮನಸ್ಸಿನಲ್ಲಿದ್ದದ್ದು ಇಡೀ ಸೀರೆ.

ವಕೀಲರು ಅಲ್ಲಿಗೆ ನೋಟಿಸಿನ ಮಾತನ್ನು ಕೈಬಿಡಿ ಎಂದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮು ಅನುಚಿತ ವ್ಯಾಪಾರ ಪದ್ಧತಿ ಎಂದರೆ ಏನೆಂದು ಹೇಳುತ್ತದೆ. ಸರಕು ಯಾವುದರಿಂದ ಆಗಿದೆ ಎಂಬುದನ್ನು ತಪ್ಪಾಗಿ ಹೇಳುವುದು ಅದರಲ್ಲಿದೆ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದಾಗ, ದೋಷವಿರುವ ಸರಕನ್ನು 30 ದಿನಗಳೊಳಗೆ ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಇದೆ. ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ಹೊರಗೆಡವುವುದೂ ಅದೇ ಪಟ್ಟಿಯಲ್ಲಿದೆ. ನೋಟಿಸು ಕಳಿಸುವ ಬೆದರಿಕೆ ಹಾಕಿದ ಉತ್ತರವೇ, ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಅಂಗಡಿಯ ವಿರುದ್ಧ ತೋರಿಸಬಹುದಾದ ಕಾಗದವಾಗಿತ್ತು. ಮೊದಲು ಮಾಡಬೇಕಾದ ಕೆಲಸ ಸ್ಪಷ್ಟವಾಯಿತು: ಆ ಉತ್ತರವನ್ನು ತೆಗೆಯಬೇಕು.

ತೆಗೆದ ಮೇಲೆ ಜಾಗವನ್ನು ಖಾಲಿ ಬಿಡುವುದೋ, ಬೇರೆ ಉತ್ತರ ಹಾಕುವುದೋ ಎಂಬ ಪ್ರಶ್ನೆ ಬಂದಿತು. ಸ್ಕ್ರೀನ್‌ಶಾಟ್ ಹರಡಿರುವಾಗ ಸದ್ದಿಲ್ಲದೆ ಅಳಿಸಿದರೆ ಅಂಗಡಿಯವರು ಬಚ್ಚಿಡುತ್ತಿದ್ದಾರೆ ಎಂಬ ಭಾವನೆ ಬರುತ್ತದೆ. ಪೂರ್ತಿ ಉತ್ತರ ಬರೆಯಲು ನಮಗೆ ಇನ್ನೂ ಸಂಗತಿಗಳು ಗೊತ್ತಿರಲಿಲ್ಲ. ಹಾಗಾಗಿ ಅಳಿಸಿದ್ದನ್ನು ಒಪ್ಪಿಕೊಳ್ಳುವ, ಇನ್ನುಳಿದದ್ದಕ್ಕೆ ಕಾಲ ಕೇಳುವ ಒಂದು ಚಿಕ್ಕ ಉತ್ತರವನ್ನು ಅಂದೇ ಹಾಕಿದೆವು:

"ನಮಸ್ಕಾರ. ಇಲ್ಲಿ ಮೊದಲು ಹಾಕಿದ್ದ ಉತ್ತರದಲ್ಲಿ ನಿಮ್ಮ ಖರೀದಿಯ ವಿವರಗಳನ್ನು ಬರೆದದ್ದು ತಪ್ಪು. ಅದನ್ನು ತೆಗೆದಿದ್ದೇವೆ, ಅದಕ್ಕಾಗಿ ಕ್ಷಮೆ ಕೇಳುತ್ತೇವೆ. ಬಣ್ಣ ಬಿಟ್ಟಿರುವುದು ಫೋಟೊದಲ್ಲಿ ಕಾಣುತ್ತಿದೆ. ಅದೇ ಬಾರಿಯಲ್ಲಿ ಬಂದ ಉಳಿದ ಸೀರೆಗಳನ್ನು ಪರೀಕ್ಷಿಸಿ, ಶನಿವಾರದೊಳಗೆ ನಿಮಗೆ ಫೋನ್ ಮಾಡಿ, ತಿಳಿದುಬಂದದ್ದನ್ನು ಇಲ್ಲಿಯೂ ಬರೆಯುತ್ತೇವೆ. – ಅಂಗಡಿಯ ಮಾಲೀಕ"

ಈ ಉತ್ತರದಲ್ಲಿ ರೇಷ್ಮೆಯ ಬಗ್ಗೆಯಾಗಲಿ ಕೈಮಗ್ಗದ ಬಗ್ಗೆಯಾಗಲಿ ಒಂದು ಮಾತೂ ಇಲ್ಲ. ಮಾಲೀಕರಿಗೆ ಅದು ಹಿಡಿಸಲಿಲ್ಲ. ಪವರ್‌ಲೂಮ್ ಎಂಬ ಆರೋಪಕ್ಕೆ ಈಗಲೇ ಉತ್ತರ ಕೊಡದಿದ್ದರೆ ಒಪ್ಪಿಕೊಂಡಂತೆ ಆಗುತ್ತದೆ ಎಂಬುದು ಅವರ ವಾದ. ನಾನು ಅವರಿಗೆ ಹೇಳಿದ್ದು ಇಷ್ಟೇ: ದೂರಿನ ನಾಲ್ಕು ಆರೋಪಗಳಲ್ಲಿ ಯಾವುದು ನಿಜ, ಯಾವುದು ಅಲ್ಲ ಎಂಬುದನ್ನು ನಾವು ಇನ್ನೂ ಕೈಯಾರೆ ನೋಡಿಲ್ಲ. ನೋಡದೆ ಬರೆದ ವಾಕ್ಯವನ್ನು ಆಮೇಲೆ ಬದಲಿಸಬೇಕಾದರೆ, ಮುಂದೆ ನಾವು ಬರೆಯುವ ನಿಜವನ್ನೂ ಯಾರೂ ನಂಬುವುದಿಲ್ಲ. ದಿನವನ್ನು ಹೆಸರಿಸಿ ಬರೆದದ್ದು ಬೇಕೆಂದೇ. ಪರಿಶೀಲಿಸುತ್ತೇವೆ ಎಂದಷ್ಟೇ ಬರೆದ ಉತ್ತರಗಳು ಆ ಮೇಲೆ ವರ್ಷಗಟ್ಟಲೆ ಹಾಗೆಯೇ ನಿಂತಿರುವುದನ್ನು ಎಲ್ಲರೂ ನೋಡಿರುತ್ತಾರೆ.

ಪ್ರಕರಣ ತಿರುಗಿದ ಸಂದರ್ಭ

ಮರುದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಆರೋಪಗಳನ್ನು ಒಂದೊಂದಾಗಿ ತೆಗೆದುಕೊಂಡೆವು. ಫೋನ್ ಎತ್ತದಿರುವ ವಿಷಯ ಬೇಗ ಇತ್ಯರ್ಥವಾಯಿತು. ಹುಡುಗನ ಫೋನಿನಲ್ಲಿ ಅವರ ಮೂರು ಮಿಸ್ಡ್ ಕಾಲ್‌ಗಳಿದ್ದವು. ಮದುವೆ ಹಂಗಾಮಿನ ಗದ್ದಲದಲ್ಲಿ ಮರಳಿ ಕರೆದಿರಲಿಲ್ಲ. ದೂರು ಸಾರ್ವಜನಿಕವಾಗಿ ಬಂದದ್ದಕ್ಕೆ ನನ್ನ ಪ್ರಕಾರ ಅದೇ ಮುಖ್ಯ ಕಾರಣ. ಅವರು ಮೊದಲು ಅಂಗಡಿಗೇ ಹೇಳಲು ನೋಡಿದ್ದರು.

ಬಣ್ಣದ ಪ್ರಶ್ನೆ ಕಠಿಣವಾಗಿತ್ತು. ಗ್ರಾಹಕರು ಬಿಸಿನೀರು ಬಳಸಿದ್ದಾರೆ ಎಂಬುದನ್ನು ಮಾಲೀಕರೂ ನಂಬಿದ್ದರು, ಏಕೆಂದರೆ ತಮ್ಮ ಬಣ್ಣಗಾರರ ಮೇಲೆ ಅವರಿಗೆ ಅಷ್ಟು ವಿಶ್ವಾಸ. ಹತ್ತಿಯ ಬಿಳಿ ಬಟ್ಟೆಯ ತುಂಡುಗಳನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಅದೇ ಬಾರಿಯಲ್ಲಿ ಬಂದು ಇನ್ನೂ ಮಾರಾಟವಾಗದ ಸೀರೆಗಳ ಸೆರಗಿನ ಮೂಲೆಯ ಮೇಲೆ ಇಟ್ಟು, ಮೇಲೆ ಭಾರ ಹೇರಿ, ಸ್ವಲ್ಪ ಹೊತ್ತು ಬಿಟ್ಟೆವು. ರೇಷ್ಮೆಗೆ ಬಣ್ಣ ಹಾಕಿದ ಮೇಲೆ ನೂಲನ್ನು ಚೆನ್ನಾಗಿ ಜಾಲಿಸಿ ತೊಳೆಯದಿದ್ದರೆ, ಹಿಡಿಯದೆ ಉಳಿದ ಬಣ್ಣ ನೂಲಿನ ಮೇಲೆಯೇ ಕೂತಿರುತ್ತದೆ. ಕಡುಗೆಂಪಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ನೀರು ತಾಗಿದರೆ ಪಕ್ಕದ ತಿಳಿ ಬಣ್ಣಕ್ಕೆ ಹರಿಯುತ್ತದೆ. ಬಟ್ಟೆಯ ತುಂಡುಗಳನ್ನು ಎತ್ತಿದಾಗ ಅರ್ಧಕ್ಕಿಂತ ಹೆಚ್ಚಿನವು ಕೆಂಪಾಗಿದ್ದವು. ತಣ್ಣೀರಿಗೇ ಬಣ್ಣ ಬಂದಿತ್ತು. ಹಳೆಯ ಬಾರಿಯ ಸೀರೆಗಳ ಮೇಲೆ ಅದೇ ಪರೀಕ್ಷೆ ಮಾಡಿದಾಗ ತುಂಡುಗಳು ಬೆಳ್ಳಗೇ ಉಳಿದವು.

ಮಾಲೀಕರು ಬಹಳ ಹೊತ್ತು ಮಾತಾಡಲಿಲ್ಲ. ತಪ್ಪು ನಿಮ್ಮದೇ ಎಂದು ಅಂಗಡಿಯ ಹೆಸರಿನಲ್ಲಿ ಬರೆದಿದ್ದ ವಾಕ್ಯ ಸುಳ್ಳಾಗಿತ್ತು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಘಟ್ಟ ಇದೇ ಎಂದು ನಾನು ಭಾವಿಸುತ್ತೇನೆ. ಅಲ್ಲಿಯವರೆಗೆ ಅವರು ಹುಡುಕುತ್ತಿದ್ದದ್ದು ಹೆಸರನ್ನು ಉಳಿಸುವ ಮಾತುಗಳನ್ನು. ಅಲ್ಲಿಂದ ಮುಂದೆ ಅವರು ಕೇಳತೊಡಗಿದ್ದು, ಇದೇ ಬಾರಿಯ ಸೀರೆ ಇನ್ನೂ ಯಾರ್ಯಾರ ಮನೆಗೆ ಹೋಗಿದೆ ಎಂಬುದನ್ನು. ಉಳಿದ ಸೀರೆಗಳನ್ನು ಅಂದೇ ಮಾರಾಟದಿಂದ ತೆಗೆದು, ಹೊರಗೆ ಹೋದವುಗಳ ಪಟ್ಟಿ ಮಾಡಿಸಿದರು.

ಕೈಮಗ್ಗದ್ದಲ್ಲ ಎಂಬ ಆರೋಪ ಮಾತ್ರ ನಿಜವಾಗಿರಲಿಲ್ಲ. ಸೀರೆಯನ್ನು ನೇಯ್ದ ಮನೆ ಯಾವುದೆಂದು ಮಾಲೀಕರಿಗೆ ಗೊತ್ತಿತ್ತು. ಅದೇ ಮಗ್ಗದಿಂದ ಬಂದ ಜೊತೆಯ ಸೀರೆಯನ್ನು ತಿರುಗಿಸಿದರೆ, ಮೈ ಮುಗಿದು ಸೆರಗು ಶುರುವಾಗುವಲ್ಲಿ ಕುಣಿಕೆಗಳ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಹೀಗೆ ನಾಲ್ಕು ಆರೋಪಗಳಲ್ಲಿ ಎರಡು ಪೂರ್ತಿ ನಿಜ, ಒಂದು ಅರ್ಧ ನಿಜ, ಒಂದು ತಪ್ಪು ಎಂದಾಯಿತು.

ಫೋನಿನಲ್ಲಿ ನಡೆದ ಮಾತು

ಶನಿವಾರದವರೆಗೆ ಕಾಯದೆ ಮಾಲೀಕರೇ ಫೋನ್ ಮಾಡಿದರು. ಹುಡುಗನಿಂದ ಮಾಡಿಸಬಾರದೆಂದು ಮೊದಲೇ ತೀರ್ಮಾನಿಸಿದ್ದೆವು. "ಅಕ್ಕಾರ, ನಮಸ್ಕಾರ್ರಿ. ನಮ್ಮ ಸೀರಿ ನಾವ ನೋಡೇವ್ರಿ. ಬಣ್ಣದ ತಪ್ಪು ನಮ್ಮದ ಐತ್ರಿ" ಎಂದು ಶುರು ಮಾಡಿದರು. ಆ ಕಡೆಯಿಂದ ಕೆಲ ಹೊತ್ತು ಮಾತು ಬರಲಿಲ್ಲ. ಅವರು ಜಗಳಕ್ಕೆ ಸಿದ್ಧರಾಗಿದ್ದರು. ಹಣ ಪೂರ್ತಿ ಮರಳಿಸುತ್ತೇವೆ, ಕೊರಿಯರ್ ಖರ್ಚೂ ನಮ್ಮದೇ ಎಂದಾಗ ಅವರು ಹೇಳಿದ ಮಾತು ನಾವು ಎಣಿಸಿರದ್ದು:

"ರೊಕ್ಕದ ಮಾತಲ್ಲರೀ ಅಣ್ಣಾರ. ಬೀಗರ ಮುಂದ ರೇಷ್ಮಿ ಸೀರಿ ಅಂತ ಹೇಳಿ ಸೊಸಿಗಿ ಉಡಿಸೇನಿ. ಈಗ ಅವರ ಮುಂದ ನಾ ಸುಳ್ಳು ಹೇಳಿದಂಗ ಆತಲ್ಲ."

ಅವರು ಕೇಳಿದ್ದು ಒಂದೇ: ರೇಷ್ಮೆ ಎಂದು ಹೇಳಿದ್ದು ಅಂಗಡಿಯವರೇ ಎಂಬುದನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆಯಬೇಕು. ಮಾಲೀಕರು ಹೆದರಿದ್ದದ್ದು ನಿಖರವಾಗಿ ಇದಕ್ಕೇ. ಆರ್ಟ್ ಸಿಲ್ಕನ್ನು ರೇಷ್ಮೆ ಎಂದು ಮಾರಿದ ಅಂಗಡಿ ಎಂದು ತಮ್ಮ ಕೈಯಾರೆ ಬರೆದುಕೊಟ್ಟರೆ ಊರಿನ ಪೇಟೆಯಲ್ಲಿ ತಲೆ ಎತ್ತುವುದು ಹೇಗೆ ಎಂದರು. ವಕೀಲರನ್ನು ಮತ್ತೆ ಕೇಳಿದೆವು. ಆ ಸಂದೇಶ ಹೇಗೂ ಗ್ರಾಹಕರ ಫೋನಿನಲ್ಲಿದೆ, ನೀವು ಬರೆಯದಿದ್ದರೂ ಅದು ಇದ್ದೇ ಇರುತ್ತದೆ, ಹಣ ಮರಳಿಸಿ ಸಂಗತಿಯನ್ನು ಇದ್ದಂತೆ ಹೇಳಿದವರ ಮೇಲೆ ದಾವೆಗೆ ಯಾರೂ ಮುಂದಾಗುವುದಿಲ್ಲ ಎಂದು ಅವರು ಅಭಿಪ್ರಾಯಪಟ್ಟರು. ಮಾಲೀಕರು ಒಂದು ರಾತ್ರಿ ಯೋಚಿಸಿ ಒಪ್ಪಿದರು.

ಹಣ ಮರಳಿಸುವಾಗ ದೂರನ್ನು ತೆಗೆಯಿರಿ ಎಂಬ ಷರತ್ತು ಹಾಕಬೇಕೆಂದು ಮನೆಯ ಹಿರಿಯರೊಬ್ಬರು ಒತ್ತಾಯಿಸಿದರು. ಅದನ್ನು ನಾನು ಬಲವಾಗಿ ವಿರೋಧಿಸಿದೆ. ದುಡ್ಡು ಅಥವಾ ರಿಯಾಯಿತಿ ಕೊಟ್ಟು ನಕಾರಾತ್ಮಕ ಅಭಿಪ್ರಾಯವನ್ನು ತೆಗೆಸುವುದಕ್ಕೆ ಗೂಗಲ್‌ನ ನಿಯಮದಲ್ಲಿ ಅವಕಾಶವಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಷರತ್ತಿನ ಸಂದೇಶವೇ ಮುಂದಿನ ಸ್ಕ್ರೀನ್‌ಶಾಟ್ ಆಗುತ್ತಿತ್ತು. ಹಣ ಷರತ್ತಿಲ್ಲದೆ, ಉತ್ತರ ಬರೆಯುವ ಮೊದಲೇ ಹೋಯಿತು.

ಎರಡನೆಯ ಉತ್ತರ

ಈ ಉತ್ತರದ ಮೇಲೆ ಅರ್ಧ ದಿನ ಕೂತೆವು. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಅಳಿಸಿದ ಕೆಲವು ವಾಕ್ಯಗಳ ಬಗ್ಗೆ ಹೇಳುವುದು ಉಪಯುಕ್ತವೆಂದು ತೋರುತ್ತದೆ, ಏಕೆಂದರೆ ಇಂಥ ಉತ್ತರ ಬರೆಯಲು ಕೂತವರಿಗೆಲ್ಲ ಮೊದಲು ಹೊಳೆಯುವುದು ಅವೇ.

"ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂಬುದು ಮೊದಲು ಹೋಯಿತು. ಬೀಗರ ಮುಂದೆ ಮಾತು ಹೋದವರಿಗೆ ಅನಾನುಕೂಲವಾಗಿದೆ ಎನ್ನುವುದು ಅವರ ನೋವನ್ನು ಕೇಳಿಸಿಕೊಳ್ಳದವರ ಮಾತು. "ಇಷ್ಟು ವರ್ಷಗಳಲ್ಲಿ ಯಾರೂ ಹೀಗೆ ದೂರಿಲ್ಲ" ಎಂಬುದು ಮಾಲೀಕರಿಗೆ ಬಹಳ ಪ್ರಿಯವಾಗಿತ್ತು, ಅದು ನಿಜವೂ ಆಗಿದ್ದಿರಬಹುದು. ಆದರೆ ಓದುವವರಿಗೆ ಅದು ದೂರಿದವರೇ ಸರಿಯಿಲ್ಲ ಎಂದು ಕೇಳಿಸುತ್ತದೆ. ತಂದೆಯವರ ಕಾಲದಿಂದ ನಡೆಸಿಕೊಂಡು ಬಂದ ವ್ಯಾಪಾರ ಎಂಬ ವಾಕ್ಯವನ್ನೂ ತೆಗೆದೆವು. ಹಳೆಯ ಅಂಗಡಿಯಾದ ಮಾತ್ರಕ್ಕೆ ಸೀರೆಯ ಬಣ್ಣ ನಿಲ್ಲುವುದಿಲ್ಲ. ಬಣ್ಣ ಹಾಕಿದವರ ತಪ್ಪು ಎಂಬ ಸಾಲು ಎರಡು ಸಲ ಬಂದು ಎರಡು ಸಲ ಹೋಯಿತು. ಗ್ರಾಹಕರು ಹಣ ಕೊಟ್ಟದ್ದು ಅಂಗಡಿಗೆ. ಬಣ್ಣಗಾರರೊಂದಿಗಿನ ಲೆಕ್ಕ ಅಂಗಡಿಯ ಒಳಗಿನದು.

ಕೈಮಗ್ಗದ ವಿಷಯವನ್ನು ಎಲ್ಲಿ ಇಡಬೇಕು ಎಂಬುದೇ ಹೆಚ್ಚು ಚರ್ಚೆಗೆ ಕಾರಣವಾಯಿತು. ಅಂಗಡಿಯ ಪರವಾಗಿದ್ದ ಒಂದೇ ಸಂಗತಿ ಅದು. ಅದನ್ನು ಪೂರ್ತಿ ಬಿಡುವುದು ನೇಕಾರರಿಗೆ ಅನ್ಯಾಯ, ಏಕೆಂದರೆ ಪವರ್‌ಲೂಮ್ ಎಂಬ ಮಾತು ಅಂಗಡಿಗಿಂತ ಆ ಸೀರೆ ನೇಯ್ದ ಮನೆಗೆ ಹೆಚ್ಚು ತಟ್ಟುತ್ತದೆ. ಆದರೆ ಅದನ್ನು ಮೊದಲು ಹೇಳಿದರೆ ಇಡೀ ಉತ್ತರ ವಾದವಾಗುತ್ತದೆ. ಒಪ್ಪಬೇಕಾದದ್ದನ್ನೆಲ್ಲ ಒಪ್ಪಿ ಮುಗಿಸಿದ ಮೇಲೆ, ನೋಡಿ ತಿಳಿದುಕೊಳ್ಳುವ ವಿಧಾನದ ಜೊತೆಗೆ ಅದನ್ನು ಹೇಳುವುದೆಂದು ತೀರ್ಮಾನಿಸಿದೆವು. ಗ್ರಾಹಕರು ಸುಳ್ಳು ಹೇಳಿದ್ದಾರೆ ಎಂಬ ಅರ್ಥ ಬಾರದಂತೆ, ಅವರು ತಮ್ಮ ಸೀರೆಯಲ್ಲೇ ಪರೀಕ್ಷಿಸಬಹುದಾದ ಗುರುತನ್ನು ಕೊಟ್ಟೆವು. ಮೊದಲ ಚಿಕ್ಕ ಉತ್ತರವನ್ನು ತಿದ್ದಿ ಅದೇ ಜಾಗದಲ್ಲಿ ಹಾಕಿದ್ದು ಇದು:

"ನಮಸ್ಕಾರ ಅಕ್ಕಾ ಅವರೇ. ನಿಮಗೆ ಮಾತು ಕೊಟ್ಟಂತೆ ಪರೀಕ್ಷಿಸಿದ್ದೇವೆ. ನಿಮ್ಮ ಸೀರೆಯೊಂದಿಗೆ ಬಂದ ಹಲವು ಸೀರೆಗಳ ಸೆರಗು ತಣ್ಣೀರಿಗೂ ಬಣ್ಣ ಬಿಡುತ್ತಿದೆ. ಇದು ನೀವು ತೊಳೆದ ರೀತಿಯಿಂದ ಆದದ್ದಲ್ಲ. ಆ ಸೀರೆಗಳನ್ನು ಮಾರಾಟದಿಂದ ತೆಗೆದಿದ್ದೇವೆ. ಈ ಸೀರೆಯ ಸೆರಗು ರೇಷ್ಮೆಯದು, ಮೈ ಆರ್ಟ್ ಸಿಲ್ಕಿನದು. ನೀವು ಕೇಳಿದಾಗ ನಮ್ಮವರು ರೇಷ್ಮೆ ಎಂದಷ್ಟೇ ಉತ್ತರಿಸಿದ್ದರು. ಇಡೀ ಸೀರೆ ರೇಷ್ಮೆಯದೆಂದು ನೀವು ತಿಳಿದುಕೊಂಡದ್ದು ನಮ್ಮ ಮಾತಿನಿಂದಲೇ, ಅದಕ್ಕೆ ನಾವೇ ಹೊಣೆ. ನಿಮ್ಮ ಫೋನನ್ನು ಸಮಯಕ್ಕೆ ಎತ್ತದಿದ್ದದ್ದೂ ನಿಜ. ನೇಯ್ಗೆಯ ಬಗ್ಗೆ ಒಂದು ಮಾತು: ಇದು ಕೈಮಗ್ಗದ್ದು. ಸೀರೆಯನ್ನು ಹಿಂಬದಿಗೆ ತಿರುಗಿಸಿ ಮೈ ಮತ್ತು ಸೆರಗು ಕೂಡುವಲ್ಲಿ ನೋಡಿದರೆ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸಿದ ಸಾಲು ಕಾಣುತ್ತದೆ. ಇದೇ ಬಾರಿಯ ಸೀರೆ ಕೊಂಡ ಬೇರೆಯವರು ತೊಳೆಯುವ ಮೊದಲು ನಮಗೆ ಫೋನ್ ಮಾಡಬೇಕೆಂದು ಕೋರುತ್ತೇವೆ. – ಅಂಗಡಿಯ ಮಾಲೀಕ"

ಹಣ ಮರಳಿಸಿದ್ದನ್ನು ಈ ಉತ್ತರದಲ್ಲಿ ಬರೆದಿಲ್ಲ ಎಂಬುದನ್ನು ಗಮನಿಸಬೇಕು. ಅದನ್ನು ಹೇಳುವ ಹಕ್ಕು ಗ್ರಾಹಕರದು ಎಂದು ಭಾವಿಸಿದೆವು. ನಾವೇ ಹೇಳಿದ್ದರೆ ಅವರ ವ್ಯವಹಾರವನ್ನು ಮತ್ತೊಮ್ಮೆ ಊರಿಗೆ ಹೇಳಿದಂತಾಗುತ್ತಿತ್ತು, ಜೊತೆಗೆ ಒಂದು ನಕ್ಷತ್ರ ಹಾಕಿದರೆ ಈ ಅಂಗಡಿಯಲ್ಲಿ ಹಣ ಮರಳುತ್ತದೆ ಎಂದು ಕೆಲವರಾದರೂ ಓದಿಕೊಳ್ಳುತ್ತಿದ್ದರು.

ಆಮೇಲೆ ಆದದ್ದು

ಒಂದು ವಾರದ ನಂತರ ಗ್ರಾಹಕರು ತಮ್ಮ ಅಭಿಪ್ರಾಯವನ್ನು ತಿದ್ದಿದರು. ಒಂದು ನಕ್ಷತ್ರ ಮೂರಾಯಿತು. ನಕಲಿ, ಮೋಸ ಎಂಬ ಮಾತುಗಳು ಹೋದವು. ಸೀರೆಯ ಫೋಟೊ ಮಾತ್ರ ಉಳಿಯಿತು. ಹಣ ಮರಳಿದ್ದನ್ನು ಅವರೇ ಬರೆದರು, ಮತ್ತು "ಬಣ್ಣದ ವಿಷಯದಲ್ಲಿ ನಾನು ಬರೆದದ್ದು ಸರಿ, ಕೈಮಗ್ಗದ ವಿಷಯದಲ್ಲಿ ಅವರು ಹೇಳಿದ್ದು ಸರಿ" ಎಂದು ಸೇರಿಸಿದರು. ಫೋಟೊವನ್ನು ತೆಗೆಯಿರಿ ಎಂದು ಕೇಳಬೇಕೆಂದು ಮಾಲೀಕರಿಗೆ ಅನ್ನಿಸಿತ್ತು. ಕೇಳದಿದ್ದದ್ದು ಒಳ್ಳೆಯದಾಯಿತು, ಏಕೆಂದರೆ ಆ ಫೋಟೊ ನೋಡಿಯೇ ಅದೇ ಬಾರಿಯ ಸೀರೆ ಕೊಂಡಿದ್ದ ಇಬ್ಬರು ತೊಳೆಯುವ ಮೊದಲು ಫೋನ್ ಮಾಡಿದರು. ಪಟ್ಟಿಯಲ್ಲಿದ್ದ ಉಳಿದವರಿಗೆ ಅಂಗಡಿಯವರೇ ಕರೆ ಮಾಡಿ ಬದಲಿ ಸೀರೆ ಕೊಟ್ಟರು.

ಎಲ್ಲವೂ ಸರಿಹೋಗಲಿಲ್ಲ. ಫೇಸ್‌ಬುಕ್ ಗುಂಪಿನಲ್ಲಿ ಹರಡಿದ ಮೊದಲ ಉತ್ತರದ ಸ್ಕ್ರೀನ್‌ಶಾಟ್ ಈಗಲೂ ಅಲ್ಲಿದೆ. ಗ್ರಾಹಕರು ಅಲ್ಲಿಯೂ ತಿದ್ದುಪಡಿ ಬರೆದರಾದರೂ ಮೊದಲ ಬರಹವನ್ನು ಓದಿದಷ್ಟು ಜನ ಅದನ್ನು ಓದಿದಂತೆ ಕಾಣಲಿಲ್ಲ. ಕೊಳ್ಳದವರು ಕೊಟ್ಟ ಮೂರು ಒಂದೊಂದು ನಕ್ಷತ್ರಗಳನ್ನು ನಿಜವಾದ ಖರೀದಿಯ ಆಧಾರವಿಲ್ಲದವು ಎಂದು ವರದಿ ಮಾಡಿದೆವು. ಒಂದು ಹೋಯಿತು, ಎರಡು ಉಳಿದಿವೆ. ಅವುಗಳಿಗೆ ಉತ್ತರ ಬರೆದಿಲ್ಲ. ಹುಡುಗ ಗೆಳೆಯರಿಂದ ಬರೆಸಿದ್ದ ಐದು ನಕ್ಷತ್ರದ ಅಭಿಪ್ರಾಯಗಳನ್ನು ಅವರಿಗೇ ಹೇಳಿ ತೆಗೆಸಿದೆವು. ಇದರಿಂದ ಅಂಗಡಿಯ ಸರಾಸರಿ ಇನ್ನಷ್ಟು ಇಳಿಯಿತು. ಮಾಲೀಕರು ಅದಕ್ಕೆ ತಕರಾರು ಮಾಡಲಿಲ್ಲ. ಬರೆಸಿದ್ದೆಂದು ಬರಿಗಣ್ಣಿಗೆ ಕಾಣುವಂತಿದ್ದ ಆ ಹೊಗಳಿಕೆಗಳು ಉಳಿದಿದ್ದರೆ ನಿಜವಾದ ಗ್ರಾಹಕರ ಹಳೆಯ ಒಳ್ಳೆಯ ಮಾತುಗಳ ಮೇಲೂ ಸಂಶಯ ಬರುತ್ತಿತ್ತು ಎಂಬುದು ಅವರಿಗೆ ಮನವರಿಕೆಯಾಗಿತ್ತು.

ಈ ಪ್ರಕರಣದಿಂದ ಅಂಗಡಿಯಲ್ಲಿ ಬದಲಾದದ್ದರಲ್ಲಿ ಬಿಲ್ಲು ಮುಖ್ಯವಾದದ್ದು. ಈಗ ಪ್ರತಿ ಬಿಲ್ಲಿನಲ್ಲಿ ಮೈಯ ನೂಲು, ಸೆರಗಿನ ನೂಲು, ಅಂಚಿನ ನೂಲು ಎಂದು ಬೇರೆ ಬೇರೆ ಸಾಲುಗಳಿವೆ, ಹಿಂಪಡೆಯುವ ಅವಧಿಯೂ ನಮೂದಾಗಿದೆ. ಅಪ್ಪಟ ರೇಷ್ಮೆಯ ಸೀರೆಗಳಿಗೆ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಚೀಟಿ ಇರುವುದನ್ನೇ ತರಿಸುತ್ತಾರೆ, ಅದಿಲ್ಲದ್ದನ್ನು ವಾಟ್ಸಾಪಿನಲ್ಲಿ ರೇಷ್ಮೆ ಎಂದು ಕರೆಯುವುದಿಲ್ಲ. ಹೊಸ ಬಾರಿ ಬಂದಾಗ ಒದ್ದೆ ಬಿಳಿ ಬಟ್ಟೆಯ ಪರೀಕ್ಷೆ ಮಾಡದೆ ಸೀರೆ ಕಪಾಟಿಗೆ ಹೋಗುವುದಿಲ್ಲ. ಸಾರ್ವಜನಿಕ ಉತ್ತರಗಳನ್ನು ಬರೆಯುವ ಕೆಲಸ ಮಾಲೀಕರದು ಮಾತ್ರ, ಮತ್ತು ಸರಕನ್ನು ಕೈಯಲ್ಲಿ ಹಿಡಿದು ನೋಡುವ ಮೊದಲು ಅವರು ಅದರ ಬಗ್ಗೆ ಒಂದು ವಾಕ್ಯವನ್ನೂ ಬರೆಯುವುದಿಲ್ಲ. ಹುಡುಗ ಈಗಲೂ ಸಂದೇಶಗಳನ್ನು ನೋಡಿಕೊಳ್ಳುತ್ತಾನೆ, ಆದರೆ ಸಂಜೆ ಅಂಗಡಿ ಮುಚ್ಚುವ ಮುನ್ನ ಮಿಸ್ಡ್ ಕಾಲ್‌ಗಳಿಗೆಲ್ಲ ಮರಳಿ ಕರೆ ಮಾಡುವುದು ಅವನ ದಿನದ ಕೊನೆಯ ಕೆಲಸವಾಗಿದೆ.

ಇದೇ ದಾರಿ ಎಲ್ಲ ದೂರಿಗೂ ಒದಗುತ್ತದೆ ಎಂದು ನಾನು ಹೇಳಲಾರೆ. ಇಲ್ಲಿ ಗ್ರಾಹಕರು ನಿಜವಾಗಿ ಕೊಂಡವರು, ದೂರಿನ ಬಹುಭಾಗ ನಿಜ, ಪರೀಕ್ಷಿಸಲು ಅದೇ ಬಾರಿಯ ಸೀರೆಗಳು ಕೈಯಲ್ಲಿದ್ದವು. ಉಳಿದ ಸರಕು ಇಲ್ಲದಿದ್ದರೆ ಬಣ್ಣದ ಸತ್ಯ ಹೊರಬರುತ್ತಿರಲಿಲ್ಲ, ಆಗ ಗ್ರಾಹಕರ ಸೀರೆಯನ್ನೇ ಅಂಗಡಿಯ ಖರ್ಚಿನಲ್ಲಿ ತರಿಸಿ ನೋಡಬೇಕಾಗುತ್ತಿತ್ತು. ಕೊಳ್ಳದೇ ಬರೆದವರು, ಎದುರಾಳಿ ಅಂಗಡಿಯವರು ಬರೆಸಿದ್ದು ಎಂಬ ಸಂಶಯವಿರುವ ದೂರುಗಳಲ್ಲಿ ಕ್ಷಮೆಯಿಂದ ಶುರು ಮಾಡಲು ಆಗುವುದಿಲ್ಲ. ಅಲ್ಲಿ ನಿಮ್ಮ ಖರೀದಿ ನಮ್ಮ ದಾಖಲೆಯಲ್ಲಿ ಸಿಗುತ್ತಿಲ್ಲ, ಈ ಸಂಖ್ಯೆಗೆ ಕರೆ ಮಾಡಿದರೆ ಹುಡುಕುತ್ತೇವೆ ಎಂಬಷ್ಟಕ್ಕೇ ನಿಲ್ಲಿಸಿ, ಆಧಾರಗಳೊಂದಿಗೆ ವರದಿ ಮಾಡುವುದು ಸರಿ.

ಬಣ್ಣಗಾರರೊಂದಿಗಿನ ಲೆಕ್ಕ ಇನ್ನೂ ತೀರಿಲ್ಲ. ಹಾಳಾದ ಬಾರಿಯ ಅರ್ಧ ನಷ್ಟವನ್ನು ಅವರು ಹೊರುವುದಾಗಿ ಒಪ್ಪಿದ್ದಾರೆ. ಉಳಿದರ್ಧದ ಬಗ್ಗೆ ಮಾತು ನಡೆಯುತ್ತಿದೆ, ಮಾಲೀಕರು ಅದನ್ನು ಅಂಗಡಿಯ ಗೋಡೆಯೊಳಗೇ ಇಟ್ಟುಕೊಂಡಿದ್ದಾರೆ.